ಬ್ರಿಜ್ ಆಟದಲ್ಲಿ ಜೊತೆಗಾರನಿಗೆ ಸಿಗ್ನಲ್ ಕೊಡುವುದು ಮೋಸವೇ? ಎಲೆಗಳು ಆಡುವ ಮಾತಿನ ಅಸಲಿ ಲೆಕ್ಕ

ಬ್ರಿಜ್ ಬಗ್ಗೆ ಮಾತು ಬಂದಾಗ ಒಂದು ಆರೋಪ ಆಗಾಗ ಕೇಳಿಬರುತ್ತದೆ. "ಅದೇನು ಬುದ್ಧಿವಂತರ ಆಟ? ಎದುರು ಬದುರು ಕೂತ ಜೊತೆಗಾರರು ಒಬ್ಬರಿಗೊಬ್ಬರು ಸಿಗ್ನಲ್ ಕೊಡುತ್ತಾರೆ. ಅವರೇ ಅದನ್ನು ಒಪ್ಪಿಕೊಳ್ಳುತ್ತಾರೆ, ಪುಸ್ತಕವನ್ನೂ ಬರೆಯುತ್ತಾರೆ!" 2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದಲ್ಲಿ ಭಾರತಕ್ಕೆ ಚಿನ್ನ ತಂದಾಗ, ಈ ಆಟದ ಹೆಸರನ್ನೇ ಮೊದಲ ಸಲ ಕೇಳಿದವರು ನಮ್ಮಲ್ಲಿ ಬಹಳ ಮಂದಿ. ಅನುಮಾನ ಬರುವುದು ಸಹಜ. ನಮ್ಮ ಊರಿನ ಇಸ್ಪೀಟು ಅಡ್ಡೆಗಳಲ್ಲಿ ಜೊತೆಗಾರನಿಗೆ ಕಣ್ಣು ಮಿಟುಕಿಸಿದವನನ್ನು ಆಟದಿಂದಲೇ ಎಬ್ಬಿಸುತ್ತಾರಲ್ಲವೇ?

ಆರೋಪದ ಅರ್ಧ ಭಾಗ ನಿಜ. ಬ್ರಿಜ್‌ನಲ್ಲಿ ಸಿಗ್ನಲ್ ಕೊಡುತ್ತಾರೆ, ಎಲ್ಲರೂ ಕೊಡುತ್ತಾರೆ. ಆದರೆ ಅದು ಮೋಸವಲ್ಲ. ಏಕೆ ಅಲ್ಲ, ಎಲ್ಲಿಂದ ಮೋಸ ಶುರುವಾಗುತ್ತದೆ ಎಂಬುದು ಗೊತ್ತಾಗಬೇಕಾದರೆ ಒಂದೆರಡು ಆಟಗಳನ್ನು ಎಲೆ ಎಲೆಯಾಗಿ ನೋಡಬೇಕು. ಇಸ್ಪೀಟು ಎಲೆ ಹಿಡಿದು ಗೊತ್ತಿದ್ದರೆ ಸಾಕು, ಬ್ರಿಜ್ ಗೊತ್ತಿರಬೇಕಿಲ್ಲ.

ಮೊದಲು ಆಟದ ಚೌಕಟ್ಟು

ನಾಲ್ವರು ಕೂರುತ್ತಾರೆ. ಅವರನ್ನು ದಿಕ್ಕಿನ ಹೆಸರಿನಿಂದಲೇ ಕರೆಯುವುದು ರೂಢಿ. ಉತ್ತರ ಮತ್ತು ದಕ್ಷಿಣ ಒಂದು ಜೋಡಿ, ಪೂರ್ವ ಮತ್ತು ಪಶ್ಚಿಮ ಇನ್ನೊಂದು ಜೋಡಿ. ಒಬ್ಬೊಬ್ಬರಿಗೆ 13 ಎಲೆ. ಒಂದು ಸುತ್ತಿನಲ್ಲಿ ಬೀಳುವ ನಾಲ್ಕು ಎಲೆಗಳಿಗೆ ಟ್ರಿಕ್ ಎನ್ನುತ್ತಾರೆ. ಮೊದಲು ಬಂದ ಸೂಟ್‌ನಲ್ಲಿ ದೊಡ್ಡ ಎಲೆ ಹಾಕಿದವರು ಅಥವಾ ತುರುಫು ಹೊಡೆದವರು ಟ್ರಿಕ್ ಗೆಲ್ಲುತ್ತಾರೆ. ಒಟ್ಟು 13 ಟ್ರಿಕ್.

ಆಟಕ್ಕೆ ಮೊದಲು ಹರಾಜಿನಂತೆ ಬಿಡ್ಡಿಂಗ್ ನಡೆಯುತ್ತದೆ. ಅದರಲ್ಲಿ ಗೆದ್ದ ಜೋಡಿ "ನಾವು ಇಷ್ಟು ಟ್ರಿಕ್ ಮಾಡುತ್ತೇವೆ" ಎಂದು ಮಾತು ಕೊಟ್ಟಿರುತ್ತದೆ. ಆ ಜೋಡಿಯಲ್ಲಿ ಒಬ್ಬರು ಆಡುತ್ತಾರೆ, ಅವರು ಡಿಕ್ಲೇರರ್. ಇನ್ನೊಬ್ಬರು ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರುತ್ತಾರೆ, ಅವರು ಡಮ್ಮಿ. ನಮ್ಮ ಉದಾಹರಣೆಗಳಲ್ಲಿ ದಕ್ಷಿಣ ಡಿಕ್ಲೇರರ್, ಉತ್ತರ ಡಮ್ಮಿ. ಪೂರ್ವ ಮತ್ತು ಪಶ್ಚಿಮ ಸೇರಿ ಅವರನ್ನು ತಡೆಯಬೇಕು.

ಇಲ್ಲಿರುವ ಅಸಮತೋಲನ ಗಮನಿಸಿ. ಡಿಕ್ಲೇರರ್ ತನ್ನ 13 ಎಲೆ ಮತ್ತು ಡಮ್ಮಿಯ 13 ಎಲೆ ಎರಡನ್ನೂ ನೋಡುತ್ತಾ ಆಡುತ್ತಾನೆ. ತನ್ನ ಕಡೆಯ ಬಲವೆಷ್ಟು ಎಂಬುದು ಅವನಿಗೆ ಪೂರ್ತಿ ಗೊತ್ತು. ತಡೆಯುವ ಇಬ್ಬರಿಗೂ ಡಮ್ಮಿ ಕಾಣುತ್ತದೆ, ತಂತಮ್ಮ ಎಲೆ ಕಾಣುತ್ತದೆ, ಆದರೆ ಜೊತೆಗಾರನ ಕೈ ಕಾಣುವುದಿಲ್ಲ. ಬಾಯಿ ಬಿಟ್ಟು ಕೇಳುವಂತಿಲ್ಲ. ಹಾಗಾಗಿ ಅವರಿಗೆ ಉಳಿಯುವುದು ಒಂದೇ ದಾರಿ. ಹೇಗಿದ್ದರೂ ಒಂದು ಎಲೆ ಹಾಕಲೇಬೇಕು, ಆ ಎಲೆಯಿಂದಲೇ ಏನಾದರೂ ಹೇಳಬೇಕು.

ಇದು ಸಾಧ್ಯವಾಗುವುದು ಸಣ್ಣ ಎಲೆಗಳಿಂದ. ನಿಮ್ಮ ಕೈಯಲ್ಲಿ ಒಂದು ಸೂಟ್‌ನ 9 ಮತ್ತು 2 ಇವೆ, ಎದುರಾಳಿ ರಾಜ ಹಾಕಿದ್ದಾನೆ ಎಂದುಕೊಳ್ಳಿ. ಯಾವುದು ಹಾಕಿದರೂ ಟ್ರಿಕ್ ಸೋಲುತ್ತೀರಿ. ಗೆಲ್ಲುವ ದೃಷ್ಟಿಯಿಂದ ಎರಡೂ ಒಂದೇ. ಹಾಗಿದ್ದಾಗ ಯಾವುದನ್ನು ಆರಿಸಿದಿರಿ ಎಂಬುದಕ್ಕೆ ಒಂದು ಅರ್ಥ ಕೊಡಬಹುದು. ಸಿಗ್ನಲ್ ಎಂದರೆ ಇಷ್ಟೇ.

"ಮುಂದುವರಿಸು" ಅಥವಾ "ಬೇಡ"

ಮೊದಲ ಬಗೆಯ ಸಿಗ್ನಲ್‌ಗೆ ಆಟಿಟ್ಯೂಡ್ ಎನ್ನುತ್ತಾರೆ. ಜೊತೆಗಾರ ಒಂದು ಸೂಟ್ ಇಳಿಸಿದಾಗ ಆ ಸೂಟ್ ನನಗೆ ಹಿತವೇ ಅಲ್ಲವೇ ಎಂದು ತಿಳಿಸುವುದು. ರೂಢಿಯ ಪದ್ಧತಿಯಲ್ಲಿ ದೊಡ್ಡ ಎಲೆ ಹಾಕಿದರೆ "ಇದನ್ನೇ ಮುಂದುವರಿಸು", ಸಣ್ಣ ಎಲೆ ಹಾಕಿದರೆ "ಇಲ್ಲಿ ನನಗೇನೂ ಇಲ್ಲ, ಬೇರೆ ನೋಡು".

ಇಸ್ಪೀಟು ತುರುಫು, ದಕ್ಷಿಣ ಹತ್ತು ಟ್ರಿಕ್ ಮಾಡಬೇಕು ಎಂದುಕೊಳ್ಳಿ. ಪಶ್ಚಿಮದ ಕೈಯಲ್ಲಿ ಆಟೀನಿನ ಎಕ್ಕ, ರಾಜ, 7, 4 ಇವೆ. ಮೊದಲ ಎಲೆಯಾಗಿ ಎಕ್ಕ ಇಳಿಸುತ್ತಾನೆ. ಡಮ್ಮಿಯಲ್ಲಿ ರಾಣಿ, 8, 3 ಕಾಣುತ್ತಿವೆ. ಎಕ್ಕ ಗೆಲ್ಲುತ್ತದೆ. ಈಗ ರಾಜನನ್ನೂ ಇಳಿಸಬೇಕೆ, ಬೇಡವೆ?

ಪೂರ್ವದ ಕೈಯಲ್ಲಿ ಆಟೀನು ಬರೀ 9 ಮತ್ತು 2 ಇದ್ದರೆ ಅವನು 9 ಹಾಕುತ್ತಾನೆ. ದೊಡ್ಡ ಎಲೆ, ಅಂದರೆ ಮುಂದುವರಿಸು. ಪಶ್ಚಿಮ ರಾಜ ಇಳಿಸುತ್ತಾನೆ, ಪೂರ್ವದ 2 ಬೀಳುತ್ತದೆ. ಮೂರನೆಯ ಸಲ ಆಟೀನು ಬಂದಾಗ ಪೂರ್ವದ ಕೈಯಲ್ಲಿ ಆಟೀನು ಮುಗಿದಿದೆ, ಆದ್ದರಿಂದ ತುರುಫು ಹೊಡೆಯುತ್ತಾನೆ. ಡಮ್ಮಿಯ ರಾಣಿ ಬಿದ್ದರೂ ಉಪಯೋಗವಿಲ್ಲ. ಮೂರು ಟ್ರಿಕ್ ಮುಗಿಯುವಷ್ಟರಲ್ಲಿ ಮೂರೂ ತಡೆಯುವವರ ಪಾಲು. ದಕ್ಷಿಣ ಇನ್ನೊಂದು ಟ್ರಿಕ್ ಕಳೆದುಕೊಂಡರೂ ಕೊಟ್ಟ ಮಾತು ಮುರಿದಂತೆ.

ಈಗ ಅದೇ ಪಶ್ಚಿಮ, ಅದೇ ಡಮ್ಮಿ, ಆದರೆ ಪೂರ್ವದ ಕೈಯಲ್ಲಿ ಗುಲಾಮ, 9, 6, 2 ಇವೆ. ಹಾಗಾದರೆ ದಕ್ಷಿಣದ ಕೈಯಲ್ಲಿ ಉಳಿದದ್ದು 10 ಮತ್ತು 5 ಮಾತ್ರ. ಪೂರ್ವ 2 ಹಾಕುತ್ತಾನೆ. ಬೇಡ ಎಂದರ್ಥ. ಆ ಮಾತು ಕೇಳದೆ ಪಶ್ಚಿಮ ರಾಜ ಇಳಿಸಿದರೆ ಆ ಟ್ರಿಕ್ಕೇನೋ ಸಿಗುತ್ತದೆ, ಆದರೆ ಎಕ್ಕ ರಾಜ ಎರಡೂ ಹೋದ ಮೇಲೆ ಡಮ್ಮಿಯ ರಾಣಿಯೇ ಆ ಸೂಟ್‌ನ ದೊರೆ. ದಕ್ಷಿಣ ಆ ರಾಣಿಯನ್ನು ಆಡುವಾಗ ತನ್ನ ಕೈಯಲ್ಲಿರುವ ಕಳಾವರ್‌ನ ಸೋಲುವ ಎಲೆಯೊಂದನ್ನು ಅದರ ಜೊತೆಗೆ ಎಸೆದು ಪಾರಾಗುತ್ತಾನೆ. ರಾಜನನ್ನು ಕೈಯಲ್ಲೇ ಇಟ್ಟುಕೊಂಡು ಪಶ್ಚಿಮ ಮೊದಲೇ ಕಳಾವರ್ ಆಡಿದ್ದರೆ ಆ ಎಸೆಯುವ ಅವಕಾಶ ಬರುವ ಮೊದಲೇ ಅಲ್ಲೊಂದು ಟ್ರಿಕ್ ಎದ್ದು ನಿಲ್ಲುತ್ತಿತ್ತು.

ಪಶ್ಚಿಮಕ್ಕೆ ಎರಡೂ ಸಂದರ್ಭದಲ್ಲಿ ಕಾಣುತ್ತಿದ್ದದ್ದು ಒಂದೇ ಚಿತ್ರ. ವ್ಯತ್ಯಾಸ ಮಾಡಿದ್ದು 9 ಮತ್ತು 2, ಎರಡೂ ಒಂದು ಟ್ರಿಕ್ ಕೂಡ ಗೆಲ್ಲದ ಎಲೆಗಳು.

"ನನ್ನ ಹತ್ತಿರ ಎಷ್ಟಿವೆ" ಎಂಬ ಲೆಕ್ಕ

ಎರಡನೆಯ ಬಗೆಗೆ ಕೌಂಟ್ ಎಂದು ಹೆಸರು. ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚು ಸೊಗಸು, ಏಕೆಂದರೆ ಇಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಅಭಿಪ್ರಾಯವೇ ಇಲ್ಲ, ಬರೀ ಎಣಿಕೆ. ಸಾಮಾನ್ಯವಾಗಿ ಡಿಕ್ಲೇರರ್ ತಾನೇ ಒಂದು ಸೂಟ್ ಎಳೆಯಲು ಶುರು ಮಾಡಿದಾಗ ಇದು ಬಳಕೆಗೆ ಬರುತ್ತದೆ. ಮೊದಲು ದೊಡ್ಡದು ಆಮೇಲೆ ಸಣ್ಣದು ಹಾಕಿದರೆ ಸಮಸಂಖ್ಯೆ. ಮೊದಲು ಸಣ್ಣದು ಆಮೇಲೆ ದೊಡ್ಡದು ಹಾಕಿದರೆ ಬೆಸಸಂಖ್ಯೆ. ಎರಡೋ ನಾಲ್ಕೋ ಎಂದು ಹೇಳುವುದಿಲ್ಲ, ಸಮವೋ ಬೆಸವೋ ಎಂದು ಮಾತ್ರ.

ಇಷ್ಟು ಕಡಿಮೆ ಮಾಹಿತಿಯಿಂದ ಏನು ಪ್ರಯೋಜನ? ಲೆಕ್ಕ ಹಾಕಿ ನೋಡೋಣ.

ಈ ಸಲ ತುರುಫು ಇಲ್ಲದ ಆಟ. ದಕ್ಷಿಣ ಒಂಬತ್ತು ಟ್ರಿಕ್ ಮಾಡಬೇಕು. ಡಮ್ಮಿಯಲ್ಲಿ ಡೈಮಂಡ್‌ನ ರಾಜ, ರಾಣಿ, ಗುಲಾಮ, 10, 5 ಸಾಲಾಗಿ ಕೂತಿವೆ. ಆದರೆ ಡಮ್ಮಿಯಲ್ಲಿ ಬೇರೆ ಯಾವ ಸೂಟ್‌ನಲ್ಲೂ ಗೆಲ್ಲುವ ಎಲೆ ಒಂದೂ ಇಲ್ಲ. ಈ ಮಾತು ಮುಖ್ಯ. ಡಮ್ಮಿಯ ಡೈಮಂಡ್‌ಗಳನ್ನು ಆಡಬೇಕಾದರೆ ಡಿಕ್ಲೇರರ್ ತನ್ನ ಕೈಯಿಂದ ಡೈಮಂಡ್ ಆಡಿಯೇ ಅಲ್ಲಿಗೆ ಹೋಗಬೇಕು. ಅವನ ಕೈಯಲ್ಲಿ ಡೈಮಂಡ್ ಮುಗಿದರೆ ಸೇತುವೆ ಮುರಿದಂತೆ. ಡಮ್ಮಿಯಲ್ಲಿ ಎಷ್ಟು ಒಳ್ಳೆಯ ಎಲೆ ಉಳಿದಿದ್ದರೂ ಅವು ಶೋಕೇಸಿನ ಒಡವೆ ಮಾತ್ರ.

ಡೈಮಂಡ್ ಎಕ್ಕ ಪೂರ್ವದ ಕೈಯಲ್ಲಿದೆ, ಜೊತೆಗೆ 7 ಮತ್ತು 3. ದಕ್ಷಿಣ ಸಣ್ಣ ಡೈಮಂಡ್ ಆಡುತ್ತಾನೆ, ಪಶ್ಚಿಮ ಒಂದು ಎಲೆ ಹಾಕುತ್ತಾನೆ, ಡಮ್ಮಿಯಿಂದ ರಾಜ ಬೀಳುತ್ತದೆ. ಈಗ ಪೂರ್ವ ಎಕ್ಕ ಹೊಡೆಯಬೇಕೆ? ತಕ್ಷಣ ಹೊಡೆದರೆ ದಕ್ಷಿಣದ ಕೈಯಲ್ಲಿ ಇನ್ನೂ ಡೈಮಂಡ್ ಇರುತ್ತದೆ, ಡಮ್ಮಿಗೆ ಹೋಗಿ ಉಳಿದದ್ದನ್ನೆಲ್ಲ ಬಾಚಿಕೊಳ್ಳುತ್ತಾನೆ. ಕಾಯಬೇಕು. ದಕ್ಷಿಣದ ಕೈಯಲ್ಲಿರುವ ಕೊನೆಯ ಡೈಮಂಡ್ ಯಾವ ಸುತ್ತಿನಲ್ಲಿ ಬೀಳುತ್ತದೋ ಸರಿಯಾಗಿ ಅದೇ ಸುತ್ತಿನಲ್ಲಿ ಎಕ್ಕ ಹೊಡೆಯಬೇಕು. ಒಂದು ಸುತ್ತು ಮುಂಚೆ ಹೊಡೆದರೆ ಸೇತುವೆ ಉಳಿಯುತ್ತದೆ. ಒಂದು ಸುತ್ತು ತಡವಾದರೆ ಬಿಟ್ಟಿಯಾಗಿ ಒಂದು ಟ್ರಿಕ್ ಕೊಟ್ಟಂತೆ.

ಹಾಗಾದರೆ ದಕ್ಷಿಣದ ಕೈಯಲ್ಲಿ ಡೈಮಂಡ್ ಎಷ್ಟಿವೆ? ಒಟ್ಟು 13. ಡಮ್ಮಿಯಲ್ಲಿ 5, ತನ್ನಲ್ಲಿ 3, ಎರಡೂ ಪೂರ್ವಕ್ಕೆ ಕಾಣುತ್ತವೆ. ಉಳಿದ 5 ಪಶ್ಚಿಮ ಮತ್ತು ದಕ್ಷಿಣದ ನಡುವೆ ಹಂಚಿವೆ. ದಕ್ಷಿಣ ಬಿಡ್ಡಿಂಗ್‌ನಲ್ಲಿ ತನ್ನ ಕೈ ನಾಲ್ಕೂ ಸೂಟ್‌ಗಳಲ್ಲಿ ಹೆಚ್ಚು ಕಡಿಮೆ ಸಮವಾಗಿದೆ ಎಂದು ತೋರಿಸಿದ್ದರಿಂದ ಒಂಟಿ ಡೈಮಂಡ್ ಇರುವ ಸಾಧ್ಯತೆ ಹೋಯಿತು. ಉಳಿದದ್ದು ಮುಖ್ಯವಾಗಿ ಎರಡು ಸಾಧ್ಯತೆ. ಪಶ್ಚಿಮದಲ್ಲಿ 3 ಇದ್ದರೆ ದಕ್ಷಿಣದಲ್ಲಿ 2. ಪಶ್ಚಿಮದಲ್ಲಿ 2 ಇದ್ದರೆ ದಕ್ಷಿಣದಲ್ಲಿ 3. ಅಂದರೆ ಪೂರ್ವಕ್ಕೆ ಬೇಕಾಗಿರುವುದು ಸಮವೋ ಬೆಸವೋ ಎಂಬ ಒಂದೇ ಒಂದು ಉತ್ತರ.

ಪಶ್ಚಿಮದ ಕೈಯಲ್ಲಿ 8, 6, 2 ಇವೆ ಎನ್ನೋಣ. ಮೂರು ಎಲೆ, ಬೆಸ. ಆದ್ದರಿಂದ ಮೊದಲ ಸುತ್ತಿನಲ್ಲಿ 2 ಹಾಕುತ್ತಾನೆ. ಎರಡಕ್ಕಿಂತ ಸಣ್ಣ ಎಲೆ ಇಲ್ಲವೇ ಇಲ್ಲ, ಹಾಗಾಗಿ ಗೊಂದಲವೂ ಇಲ್ಲ. ಪೂರ್ವ ಮೊದಲ ಸುತ್ತಿನಲ್ಲಿ 3 ಹಾಕಿ ಸುಮ್ಮನಾಗುತ್ತಾನೆ. ಎರಡನೆಯ ಸುತ್ತಿನಲ್ಲಿ ಪಶ್ಚಿಮದಿಂದ 6 ಬೀಳುತ್ತದೆ, ಸಣ್ಣದರ ಮೇಲೆ ದೊಡ್ಡದು, ಲೆಕ್ಕ ಖಚಿತವಾಯಿತು. ಡಮ್ಮಿಯ ರಾಣಿಯ ಮೇಲೆ ಪೂರ್ವ ಎಕ್ಕ ಹೊಡೆಯುತ್ತಾನೆ. ದಕ್ಷಿಣದ ಕೈಯಲ್ಲಿ ಡೈಮಂಡ್ ಖಾಲಿ. ಅವನಿಗೆ ಡೈಮಂಡ್‌ನಿಂದ ಸಿಕ್ಕಿದ್ದು ಒಂದೇ ಟ್ರಿಕ್. ಬೇರೆ ಸೂಟ್‌ಗಳಲ್ಲಿ ಅವನಿಗೆ ಏಳು ಟ್ರಿಕ್ ಇದ್ದವು ಎಂದುಕೊಂಡರೆ ಒಟ್ಟು ಎಂಟು, ಒಂದು ಕಡಿಮೆ. ಪೂರ್ವ ಹೆದರಿ ಇನ್ನೊಂದು ಸುತ್ತು ಕಾದಿದ್ದರೆ ಎಂಟು ಒಂಬತ್ತಾಗಿ ದಕ್ಷಿಣ ಗೆದ್ದುಬಿಡುತ್ತಿದ್ದ.

ಇನ್ನೊಂದು ಸಾಧ್ಯತೆ. ಪಶ್ಚಿಮದಲ್ಲಿ 8 ಮತ್ತು 2 ಮಾತ್ರ, ದಕ್ಷಿಣದಲ್ಲಿ 9, 6, 4. ಈ ಸಲ ದಕ್ಷಿಣಕ್ಕೆ ಹೊರಗಿನ ಟ್ರಿಕ್ ಆರೇ ಇವೆ ಎಂದುಕೊಳ್ಳಿ. ಪಶ್ಚಿಮ ಮೊದಲು 8, ಆಮೇಲೆ 2 ಹಾಕುತ್ತಾನೆ. ಸಮ. ಪೂರ್ವ ಈಗ ಎರಡು ಸುತ್ತು ಕಾದು ಮೂರನೆಯದರಲ್ಲಿ ಎಕ್ಕ ಹೊಡೆಯುತ್ತಾನೆ. ದಕ್ಷಿಣಕ್ಕೆ ಡೈಮಂಡ್‌ನಲ್ಲಿ ಎರಡು, ಒಟ್ಟು ಎಂಟು, ಸೋಲು. ಹಿಂದಿನ ಆಟದಂತೆ ಎರಡನೆಯ ಸುತ್ತಿನಲ್ಲೇ ಎಕ್ಕ ಹೊಡೆದಿದ್ದರೆ? ದಕ್ಷಿಣ ಕೈಯಲ್ಲಿ ಉಳಿದ ಒಂದು ಡೈಮಂಡ್ ಹಿಡಿದು ಡಮ್ಮಿಗೆ ಹೋಗಿ ಗುಲಾಮ, 10, 5 ಮೂರನ್ನೂ ಗೆಲ್ಲುತ್ತಿದ್ದ. ಮೊದಲ ಸುತ್ತಿನದ್ದು ಸೇರಿ ನಾಲ್ಕು, ಒಟ್ಟು ಹತ್ತು.

ಒಂದು ಸುತ್ತಿನ ತಪ್ಪಿಗೆ ಎರಡು ಟ್ರಿಕ್‌ನ ದಂಡ.

ಡಿಕ್ಲೇರರ್ ಕುರುಡನೇ?

ಓದುತ್ತಿರುವ ನಿಮಗೆ ಈ ಪ್ರಶ್ನೆ ಈಗಾಗಲೇ ಬಂದಿರಬೇಕು. ಈ 8 ಮತ್ತು 2 ಮೇಜಿನ ಮೇಲೆ ಎಲ್ಲರ ಕಣ್ಣೆದುರು ಬೀಳುತ್ತಿವೆ. ದಕ್ಷಿಣವೂ ನೋಡುತ್ತಾನೆ. ಹಾಗಾದರೆ ಇದರಲ್ಲಿ ಗುಟ್ಟೇನು ಬಂತು?

ಗುಟ್ಟೇ ಇಲ್ಲ, ಇರಲೂ ಕೂಡದು. ಮೋಸಕ್ಕೂ ಸಿಗ್ನಲ್‌ಗೂ ಇರುವ ಗೆರೆ ಇದೇ. ತಾವು ಯಾವ ಪದ್ಧತಿಯಲ್ಲಿ ಸಿಗ್ನಲ್ ಕೊಡುತ್ತೇವೆ ಎಂಬುದನ್ನು ಜೋಡಿಗಳು ಎದುರಾಳಿಗೆ ತಿಳಿಸಬೇಕು. ಟೂರ್ನಿಗಳಲ್ಲಿ ಇದನ್ನು ಬರೆದಿಟ್ಟ ಕನ್ವೆನ್ಷನ್ ಕಾರ್ಡ್ ಮೇಜಿನ ಮೇಲಿರುತ್ತದೆ. ಆಟದ ನಡುವೆ ಡಿಕ್ಲೇರರ್ ತನ್ನ ಸರದಿಯಲ್ಲಿ ಪಶ್ಚಿಮವನ್ನು ತೋರಿಸಿ, "ಇವರು ದೊಡ್ಡದು ಹಾಕಿದರೆ ನಿಮ್ಮಿಬ್ಬರ ನಡುವೆ ಏನರ್ಥ?" ಎಂದು ಪೂರ್ವವನ್ನು ಕೇಳಬಹುದು. ಪೂರ್ವ ತಮ್ಮ ಒಪ್ಪಂದವನ್ನು ಇದ್ದಂತೆಯೇ ಹೇಳಬೇಕು. ಕೇಳಿದರೂ ಹೇಳದಿದ್ದರೆ ಅಥವಾ ತಪ್ಪು ಹೇಳಿದರೆ ನಿಯಮ ಮುರಿದಂತೆ.

ಎಲ್ಲರಿಗೂ ಕೇಳುವ ಮಾತಿನಿಂದ ಲಾಭ ಹೇಗೆ? ಮೇಲಿನ ಡೈಮಂಡ್ ಆಟದಲ್ಲಿ ನೋಡಿ. ತನ್ನ ಕೈಯಲ್ಲಿ ಎಷ್ಟು ಡೈಮಂಡ್ ಇವೆ ಎಂಬುದು ದಕ್ಷಿಣಕ್ಕೆ ಮೊದಲೇ ಗೊತ್ತು. ಪಶ್ಚಿಮದ 2 ಅವನಿಗೆ ಹೊಸದಾಗಿ ಹೇಳುವುದು ಬಹಳ ಕಡಿಮೆ. ಪೂರ್ವಕ್ಕೆ ಮಾತ್ರ ಅದೇ ನಿರ್ಣಾಯಕ ಸುದ್ದಿ. ಒಂದೇ ಸುದ್ದಿಗೆ ಕೇಳುವವನ ಅಗತ್ಯಕ್ಕೆ ತಕ್ಕ ಬೆಲೆ.

ಇದು ಎಲ್ಲ ಸಲವೂ ಹೀಗೇ ಇರುವುದಿಲ್ಲ. ಡಿಕ್ಲೇರರ್ ಒಂದು ಸೂಟ್‌ನ ರಾಣಿ ಯಾರ ಕೈಯಲ್ಲಿದೆ ಎಂದು ಹುಡುಕುತ್ತಿದ್ದಾನೆ ಎಂದುಕೊಳ್ಳಿ. ಆಗ ತಡೆಯುವವರು ತಮ್ಮ ಎಣಿಕೆಯನ್ನು ಪ್ರಾಮಾಣಿಕವಾಗಿ ತೋರಿಸಿದರೆ ಅವನ ಕೆಲಸ ಇವರೇ ಮಾಡಿಕೊಟ್ಟಂತಾಗುತ್ತದೆ. ಅದಕ್ಕೇ ನುರಿತವರು ಪ್ರತಿ ಎಲೆಯಲ್ಲೂ ಸಿಗ್ನಲ್ ಕೊಡುವುದಿಲ್ಲ. ಈ ಮಾಹಿತಿ ಜೊತೆಗಾರನಿಗೆ ಹೆಚ್ಚು ಬೇಕೋ, ಶತ್ರುವಿಗೆ ಹೆಚ್ಚು ಬೇಕೋ ಎಂದು ಅಳೆದು, ಎರಡನೆಯದಾದರೆ ಅರ್ಥವಿಲ್ಲದ ಎಲೆ ಹಾಕುತ್ತಾರೆ. ಹೊಸಬರು ಮಾಡುವ ಸಾಮಾನ್ಯ ತಪ್ಪು ಎಂದರೆ ಕಲಿತ ಉತ್ಸಾಹದಲ್ಲಿ ಎಲ್ಲವನ್ನೂ ಹೇಳಿಬಿಡುವುದು.

ಇನ್ನೂ ಆಶ್ಚರ್ಯವೆಂದರೆ ಸುಳ್ಳು ಸಿಗ್ನಲ್ ಕೊಡುವುದಕ್ಕೂ ಅನುಮತಿ ಇದೆ. ಬೇಡ ಎನ್ನಬೇಕಾದಲ್ಲಿ ದೊಡ್ಡ ಎಲೆ ಹಾಕಿ ಡಿಕ್ಲೇರರ್‌ನನ್ನು ದಾರಿ ತಪ್ಪಿಸಬಹುದು. ಷರತ್ತು ಒಂದೇ, ನಿಮ್ಮ ಜೊತೆಗಾರನೂ ಅಷ್ಟೇ ಮೋಸ ಹೋಗುವ ಸ್ಥಿತಿಯಲ್ಲಿರಬೇಕು. "ಇಂಥ ಸಮಯದಲ್ಲಿ ನಾನು ಉಲ್ಟಾ ಹಾಕುತ್ತೇನೆ" ಎಂದು ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದರೆ ಅದು ಸುಳ್ಳಲ್ಲ, ಗುಟ್ಟಿನ ಒಪ್ಪಂದ. ಸುಳ್ಳಿಗೆ ಅವಕಾಶವಿದೆ, ಗುಟ್ಟಿಗೆ ಇಲ್ಲ. ಅಮೆರಿಕದ ಬ್ರಿಜ್ ಸಂಸ್ಥೆ ಎಸಿಬಿಎಲ್‌ನ ನಿಯಮದಲ್ಲಿ, ತಡೆಯುವ ಇಬ್ಬರಿಗೆ ಮಾತ್ರ ಗೊತ್ತಿರುವ ಯಾವುದೋ ಕೀಲಿಕೈಯನ್ನು ಅವಲಂಬಿಸಿ ಅರ್ಥ ಬದಲಾಗುವ ಸಂಕೇತಗಳಿಗೂ ನಿಷೇಧವಿದೆ.

ಸಿಗ್ನಲ್ ಎಲ್ಲಿ ಕೈಕೊಡುತ್ತದೆ

ದೊಡ್ಡದು, ಸಣ್ಣದು ಎನ್ನುತ್ತಿದ್ದೇವೆ. ಆದರೆ 6 ದೊಡ್ಡದೋ ಸಣ್ಣದೋ? ಉತ್ತರ ಉಳಿದ ಎಲೆಗಳ ಮೇಲೆ ನಿಂತಿದೆ.

ಮತ್ತೆ ಆ ಆಟೀನಿನ ಆಟಕ್ಕೆ ಬನ್ನಿ. ಪಶ್ಚಿಮದಲ್ಲಿ ಎಕ್ಕ, ರಾಜ, 7, 4. ಡಮ್ಮಿಯಲ್ಲಿ ರಾಣಿ, 8, 3. ಈ ಸಲ ಪೂರ್ವದಲ್ಲಿ ಗುಲಾಮ, 10, 6. ಅವನಿಗೆ ಬೇಡ ಎನ್ನಬೇಕಿದೆ, ಇರುವುದರಲ್ಲಿ ಸಣ್ಣದು 6, ಅದನ್ನೇ ಹಾಕುತ್ತಾನೆ. ದಕ್ಷಿಣದ ಕೈಯಲ್ಲಿ 9, 5, 2 ಇವೆ. ಅವನು ಯೋಚನೆ ಮಾಡದೆ 2 ಹಾಕಿದರೆ, ಪಶ್ಚಿಮಕ್ಕೆ ಕಾಣದಿರುವ ಸಣ್ಣ ಎಲೆ 5 ಒಂದೇ. ಆಗ ಈ 6 ಬಹುಶಃ ಪೂರ್ವದ ಅತಿ ಸಣ್ಣ ಎಲೆ ಎಂದು ಊಹಿಸುವುದು ಸುಲಭ. ಜಾಣ ಡಿಕ್ಲೇರರ್ 2 ಹಾಕುವುದಿಲ್ಲ, 9 ಹಾಕುತ್ತಾನೆ. ಈಗ 5 ಮತ್ತು 2 ಎರಡೂ ಮರೆಯಲ್ಲಿವೆ. ಪೂರ್ವದ ಕೈಯಲ್ಲಿ 6 ಮತ್ತು 2 ಅಥವಾ 6 ಮತ್ತು 5 ಇರಬಹುದು, ಈ 6 "ಮುಂದುವರಿಸು" ಎಂಬ ದೊಡ್ಡ ಎಲೆ ಇರಬಹುದು ಎಂದು ಪಶ್ಚಿಮ ನಂಬಿ ರಾಜ ಇಳಿಸುವ ಸಾಧ್ಯತೆ ಹೆಚ್ಚಾಯಿತು. ಎರಡನೆಯ ಸುತ್ತಿನಲ್ಲಿ ಪೂರ್ವ 10 ಹಾಕಿದಾಗ ಪಶ್ಚಿಮಕ್ಕೆ ತಪ್ಪು ತಿಳಿಯುತ್ತದೆ, ಅಷ್ಟರಲ್ಲಿ ಡಮ್ಮಿಯ ರಾಣಿ ದೊರೆಯಾಗಿದ್ದಾಗಿದೆ.

ಆದ್ದರಿಂದ ಸಿಗ್ನಲ್ ಓದುವವರು ಬಿದ್ದ ಎಲೆಯನ್ನಲ್ಲ, ಬೀಳದ ಎಲೆಗಳನ್ನು ಎಣಿಸುತ್ತಾರೆ. "ಇದಕ್ಕಿಂತ ಸಣ್ಣವು ಎಷ್ಟು ನನಗೆ ಕಾಣುತ್ತಿಲ್ಲ? ಅವೆಲ್ಲ ಡಿಕ್ಲೇರರ್ ಕೈಯಲ್ಲೇ ಇರಬಹುದೇ?" ಎಂಬುದು ಅವರ ಪ್ರಶ್ನೆ.

ಇನ್ನೊಂದು ತೊಂದರೆ, ಒಂದು ಎಲೆಗೆ ಎರಡು ಮಾತು ಹೇಳಲು ಬರುವುದಿಲ್ಲ. ಪೂರ್ವ ಹಾಕಿದ 9ನ್ನು ಒಬ್ಬರು "ಮುಂದುವರಿಸು" ಎಂದೂ ಇನ್ನೊಬ್ಬರು "ಸಮಸಂಖ್ಯೆ" ಎಂದೂ ಓದಿದರೆ ಅನಾಹುತ. ಅದಕ್ಕೇ ಬಹಳಷ್ಟು ಜೋಡಿಗಳು ಮೊದಲೇ ತೀರ್ಮಾನಿಸಿಕೊಂಡಿರುತ್ತವೆ. ನಮ್ಮವರು ಇಳಿಸಿದ ಸೂಟ್‌ನಲ್ಲಿ ಆಟಿಟ್ಯೂಡ್, ಡಿಕ್ಲೇರರ್ ಇಳಿಸಿದ ಸೂಟ್‌ನಲ್ಲಿ ಕೌಂಟ್. ಕೆಲವು ಜೋಡಿಗಳು ಎಲ್ಲವನ್ನೂ ತಿರುಗಿಸಿ ಆಡುತ್ತವೆ, ಸಣ್ಣದು ಎಂದರೆ ಬೇಕು, ದೊಡ್ಡದು ಎಂದರೆ ಬೇಡ. ಬೇಕಾದ ಸೂಟ್‌ನಲ್ಲಿ 9ರಂಥ ಉಪಯುಕ್ತ ಎಲೆಯನ್ನು ಬರೀ ಮಾತಿಗಾಗಿ ಖರ್ಚು ಮಾಡುವುದೇಕೆ ಎಂಬುದು ಅವರ ವಾದ. ವಾದ ನಮಗೂ ಸರಿ ಎನಿಸುತ್ತದೆ.

ಹಾಗಾದರೆ ಮೋಸ ಯಾವುದು?

ಬ್ರಿಜ್‌ನ ಅಂತರರಾಷ್ಟ್ರೀಯ ನಿಯಮಾವಳಿಯ 73ನೆಯ ನಿಯಮ ಇದನ್ನು ನೇರವಾಗಿ ಹೇಳುತ್ತದೆ. ಜೊತೆಗಾರರ ನಡುವಿನ ಸಂವಹನ ಬಿಡ್ಡಿಂಗ್‌ನ ಕರೆಗಳಿಂದ ಮತ್ತು ಆಡಿದ ಎಲೆಗಳಿಂದ ಮಾತ್ರ ಆಗಬೇಕು. ನಿಯಮ ಒಪ್ಪದ ಬೇರೆ ದಾರಿಯಲ್ಲಿ ಮೊದಲೇ ಗೊತ್ತು ಮಾಡಿಕೊಂಡು ಮಾಹಿತಿ ದಾಟಿಸುವುದು ಈ ಆಟದಲ್ಲಿ ಅತ್ಯಂತ ಗಂಭೀರ ಅಪರಾಧ.

ಅಂದರೆ ಪೂರ್ವ 9 ಹಾಕಿದರೆ ಸರಿ. ಅದೇ 9ನ್ನು ಮೇಜಿಗೆ ಟಪ್ ಎಂದು ಕುಟ್ಟಿ ಹಾಕಿದರೆ ತಪ್ಪು. ಒಂಟಿ ಎಲೆ ಹಾಕುವಾಗಲೂ ಆಯ್ಕೆ ಇದ್ದವನಂತೆ ಬೇಕೆಂದೇ ತಡ ಮಾಡುವುದು ತಪ್ಪು. ಎಲೆ ಯಾವುದು ಎಂಬುದು ಮಾತ್ರ ಮಾತು. ಅದನ್ನು ಹೇಗೆ, ಎಷ್ಟು ಹೊತ್ತಿಗೆ, ಯಾವ ಮುಖಭಾವದಲ್ಲಿ ಹಾಕಿದಿರಿ ಎಂಬುದೆಲ್ಲ ಮಾತಾಗಬಾರದು. ಜೊತೆಗಾರ ತಡವರಿಸಿದ್ದನ್ನು ಕಂಡು ಅದರ ಲಾಭ ಪಡೆಯುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ.

ಈ ಗೆರೆ ದಾಟಿದ ಆರೋಪಗಳು ಮೇಲ್ಮಟ್ಟದಲ್ಲೂ ಬಂದಿವೆ. 1975ರ ಬರ್ಮುಡಾ ಬೌಲ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜೊತೆಗಾರರು ಒಬ್ಬರಿಗೊಬ್ಬರು ಕಾಣದಂತೆ ಮೇಜಿನ ಮೇಲೆ ಅಡ್ಡ ಪರದೆ ಇಟ್ಟಿದ್ದರು. ಆದರೆ ಪರದೆ ಮೇಜಿನ ಕೆಳಗೆ ಇರಲಿಲ್ಲ. ಇಟಲಿಯ ಜೋಡಿಯೊಂದರಲ್ಲಿ ಒಬ್ಬ ಆಟಗಾರ ಕಾಲಿನಿಂದ ಜೊತೆಗಾರನ ಕಾಲನ್ನು ಮುಟ್ಟುತ್ತಿದ್ದಾನೆ ಎಂಬ ದೂರು ಬಂತು. ಅಸಹಜವಾಗಿ ಕಾಲು ಆಡಿಸಿದ್ದಕ್ಕೆ ಅವರಿಗೆ ಕಠಿಣ ಎಚ್ಚರಿಕೆ ಸಿಕ್ಕಿತು, ಆದರೆ ಆಟದಿಂದ ಹೊರಹಾಕಲಿಲ್ಲ. ಮೇಜಿನ ಕೆಳಗೂ ಅಡ್ಡವಾಗಿ ಪುಟ್ಟ ಕಾಫಿ ಟೇಬಲ್‌ಗಳನ್ನು ಇಟ್ಟು ಆಟ ಮುಂದುವರಿಸಿದರು.

2015ರ ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಯುರೋಪಿನ ಪ್ರಸಿದ್ಧ ಜೋಡಿಯೊಂದು ಎಲೆಯನ್ನು ಮೇಜಿನ ಮೇಲೆ ಉದ್ದಕ್ಕೆ ಇಡುವುದಕ್ಕೂ ಅಡ್ಡಕ್ಕೆ ಇಡುವುದಕ್ಕೂ ಅರ್ಥ ಕೊಟ್ಟಿದೆ, ಆ ಸೂಟ್‌ನಲ್ಲಿ ಇನ್ನೂ ದೊಡ್ಡ ಎಲೆ ಇದೆಯೇ ಇಲ್ಲವೇ ಎಂದು ಹೀಗೆ ತಿಳಿಸುತ್ತಿದೆ ಎಂಬ ಆರೋಪ. ವಿಡಿಯೊಗಳನ್ನು ಒಂದೊಂದಾಗಿ ನೋಡಿ, ಎಲೆ ಇಟ್ಟ ರೀತಿಯನ್ನು ಕೈಯಲ್ಲಿದ್ದ ಎಲೆಗಳ ಜೊತೆ ಹೋಲಿಸಿ ಈ ವಾದ ಕಟ್ಟಲಾಗಿತ್ತು. ನಿಜವಾಗಿದ್ದರೆ ಅದು ಆಟಿಟ್ಯೂಡ್ ಸಿಗ್ನಲ್‌ನ ಕಳ್ಳ ರೂಪವೇ ಸರಿ. ಹೇಳುವ ವಿಷಯ ಅದೇ, ಆದರೆ ಎಲೆಯ ಮೂಲಕ ಅಲ್ಲ, ಎಲೆ ಇಟ್ಟ ಭಂಗಿಯ ಮೂಲಕ. ಡಿಕ್ಲೇರರ್ ಕೇಳಿದರೂ ಆ ಅರ್ಥ ಅವನಿಗೆ ಸಿಗುತ್ತಿರಲಿಲ್ಲ.

ಆ ಜೋಡಿಯ ಹೆಸರನ್ನು ನಾವಿಲ್ಲಿ ಬೇಕೆಂದೇ ಬರೆದಿಲ್ಲ. ಯುರೋಪಿಯನ್ ಬ್ರಿಜ್ ಲೀಗ್ 2016ರಲ್ಲಿ ಅವರನ್ನು ನಿಷೇಧಿಸಿತು. ಅವರು ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋದರು. 2018ರ ಜನವರಿಯಲ್ಲಿ ಆ ನ್ಯಾಯಾಲಯ, ಆರೋಪವನ್ನು ಬೇಕಾದ ಮಟ್ಟಕ್ಕೆ ಸಾಬೀತುಪಡಿಸಿಲ್ಲ ಎಂದು ನಿಷೇಧವನ್ನು ರದ್ದು ಮಾಡಿತು. ಉದ್ದಕ್ಕೆ ಇಟ್ಟ ಎಲೆಗೂ ಕೈಯಲ್ಲಿದ್ದ ರಾಜನಿಗೂ ನಂಟು ಕಂಡರೆ ಸಾಲದು, ಅದು ಇಬ್ಬರೂ ಸೇರಿ ಮಾಡಿಕೊಂಡ ಒಪ್ಪಂದ ಎಂದು ತೋರಿಸಬೇಕಾಗುತ್ತದೆ. "ವಿಶ್ವ ಚಾಂಪಿಯನ್ನರು ಸಿಕ್ಕಿಬಿದ್ದರು" ಎಂಬ ಒಕ್ಕಣೆಯೊಂದಿಗೆ ಈ ವಿಡಿಯೊ ನಿಮ್ಮ ಗ್ರೂಪಿಗೆ ಬಂದರೆ, 2018ರ ಈ ತೀರ್ಪೂ ಅದರಲ್ಲಿದೆಯೇ ನೋಡಿ.